ಕಾಗದದಲ್ಲಿ ಡಿಸೈನ್ ಮಿಕ್ಸ್, ಮಿಲ್ಲರ್ ಮುಂದೆ ಬಾಂಡ್ಲಿ ಲೆಕ್ಕ

ಸಣ್ಣ ಸರ್ಕಾರಿ ಕಟ್ಟಡಗಳ ಅಂದಾಜುಪಟ್ಟಿ ಬರೆದು, ಬಿಲ್ಲಿಗೆ ಸಹಿ ಹಾಕುವ ಇಂಜಿನಿಯರ್ ಸಾಹೇಬರಿಗೆ,

ಕನಕಪುರ ತಾಲ್ಲೂಕು ದೊಡ್ಡಆಲಹಳ್ಳಿಯಿಂದ ಒಬ್ಬ ಗ್ರಾಮಸ್ಥನ ಬಹಿರಂಗ ಪತ್ರ.

ವಿಷಯ: ಒಂದು ಕೋಣೆಯ ಕಟ್ಟಡದ ತಾರಸಿ ಕಾಂಕ್ರೀಟನ್ನು ಡಿಸೈನ್ ಮಿಕ್ಸ್ ಎಂದು ಬರೆದು, ಬಾಂಡ್ಲಿ ಎಣಿಸಿ ಹಾಕಿರುವ ಬಗ್ಗೆ.

ಮಾನ್ಯರೇ,

ನಮ್ಮೂರ ಕಡೆ ಸಾರ್ವಜನಿಕರ ದುಡ್ಡಿನಲ್ಲಿ ಎದ್ದ ಒಂದು ಸಣ್ಣ ಕಟ್ಟಡಕ್ಕೆ ಮೋಲ್ಡ್ ಹಾಕಿದ ದಿನ ನಾನು ಅಲ್ಲಿದ್ದೆ. ಈಗ ಹಿಪ್ಪುನೇರಳೆ ತೋಟ ನೋಡಿಕೊಂಡಿದ್ದರೂ ಡಿಪ್ಲೊಮಾ ಓದಿ ಬಹಳ ಕಾಲ ಸೈಟುಗಳಲ್ಲಿ ದುಡಿದವನು. ಹಾಗಾಗಿ ಮಿಲ್ಲರ್ ಸದ್ದು ಕೇಳಿದರೆ ಕಾಲು ಆ ಕಡೆಗೇ ಹೋಗುತ್ತದೆ. ಅಂದಾಜುಪಟ್ಟಿಯ ಪ್ರತಿಯಲ್ಲಿ ಆ ತಾರಸಿಗೆ 'ಎಂ 20 ಡಿಸೈನ್ ಮಿಕ್ಸ್' ಎಂದು ಬರೆದಿತ್ತು. ಮಿಲ್ಲರ್ ಮುಂದೆ ನಡೆದದ್ದೇ ಬೇರೆ. ಒಂದು ಮೂಟೆ ಸಿಮೆಂಟಿಗೆ ಇಷ್ಟು ಬಾಂಡ್ಲಿ ಜಲ್ಲಿ, ಇಷ್ಟು ಬಾಂಡ್ಲಿ ಎಂ ಸ್ಯಾಂಡ್ ಎಂದು ಮೇಸ್ತ್ರಿ ಬಾಯಲ್ಲೇ ಲೆಕ್ಕ ಇಡುತ್ತಿದ್ದ. ಅವನು ಟೀ ಕುಡಿಯಲು ಹೋದಾಗ ಬಾಂಡ್ಲಿಯೂ ಹೋಯಿತು, ಸಲಿಕೆಯಲ್ಲೇ ನೇರ ತುಂಬಿದರು. ನೀರು ಪೈಪಿನಿಂದ ಬರುತ್ತಿತ್ತು. ತಕ್ಕಡಿ ಇರಲಿಲ್ಲ, ಅಳತೆ ಪೆಟ್ಟಿಗೆ ಇರಲಿಲ್ಲ, ನಿಮ್ಮ ಕಡೆಯವರೂ ಇರಲಿಲ್ಲ.

ಇದಕ್ಕೆ ನಾನು ಮೇಸ್ತ್ರಿಯನ್ನು ದೂರುವುದಿಲ್ಲ. ಅವನಿಗೆ ಯಾರೂ ಪೆಟ್ಟಿಗೆ ಕೊಟ್ಟಿರಲಿಲ್ಲ. ನನ್ನ ದೂರು ಅಂದಾಜುಪಟ್ಟಿಯ ಆ ಎರಡು ಪದಗಳ ಮೇಲೆ ಇದೆ. ಇಷ್ಟು ಸಣ್ಣ ಕೆಲಸಕ್ಕೆ ಡಿಸೈನ್ ಮಿಕ್ಸ್ ಬೇಕಾಗಿಯೇ ಇರಲಿಲ್ಲ. ನಾಮಿನಲ್ ಮಿಕ್ಸ್ ಎಂದು ಬರೆದು, ಪೆಟ್ಟಿಗೆಯಲ್ಲಿ ಅಳೆದು ಹಾಕಿಸಿದ್ದರೆ ನಿಯಮವೂ ಒಪ್ಪುತ್ತಿತ್ತು, ತಾರಸಿಯೂ ಗಟ್ಟಿಯಾಗುತ್ತಿತ್ತು. ದೊಡ್ಡ ಹೆಸರು ಬರೆದು ಅದಕ್ಕೆ ಬೇಕಾದ ಯಾವುದನ್ನೂ ಮಾಡದಿರುವುದು ಎರಡೂ ಕಡೆಯ ನಷ್ಟ.

ಒಂದು ಗೊಂದಲವನ್ನು ಮೊದಲು ಬಿಡಿಸುತ್ತೇನೆ, ಯಾಕೆಂದರೆ ಇಲಾಖೆಯ ಒಳಗೂ ಅದನ್ನು ಕೇಳಿದ್ದೇನೆ. ನಾಮಿನಲ್ ಮಿಕ್ಸ್ ಎಂದರೆ ಅಳತೆ ಲೆಕ್ಕ, ಡಿಸೈನ್ ಮಿಕ್ಸ್ ಎಂದರೆ ತೂಕದ ಲೆಕ್ಕ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಪ್ರಮಾಣವನ್ನು ಎಲ್ಲಿಂದ ತಂದಿರಿ ಎನ್ನುವುದು ಒಂದು ಪ್ರಶ್ನೆ, ಅದನ್ನು ಸೈಟಿನಲ್ಲಿ ಹೇಗೆ ಅಳೆದಿರಿ ಎನ್ನುವುದು ಇನ್ನೊಂದು. 2000ದ ಐಎಸ್ 456 ತೆಗೆದು ನೋಡಿ. ಅದರಲ್ಲಿ ನಾಮಿನಲ್ ಮಿಕ್ಸಿನ ಕೋಷ್ಟಕವೂ ತೂಕದಲ್ಲೇ ಇದೆ. ಎಂ 20ಕ್ಕೆ 50 ಕೆ.ಜಿ. ಸಿಮೆಂಟಿಗೆ ಮರಳು ಜಲ್ಲಿ ಎರಡೂ ಸೇರಿ 250 ಕೆ.ಜಿ. ಮೀರಬಾರದು. ಎಂ 15ಕ್ಕೆ ಆ ಮಿತಿ 330 ಕೆ.ಜಿ. ಮರಳು ಒಂದು ಪಾಲು, ಜಲ್ಲಿ ಸಾಮಾನ್ಯವಾಗಿ ಎರಡು ಪಾಲು. ಪರೀಕ್ಷೆ ಮಾಡದೆಯೂ ಬಲ ಬರಲಿ ಎಂದು ಸಿಮೆಂಟನ್ನು ಕೊಂಚ ಧಾರಾಳವಾಗಿ ಇಟ್ಟು ಬರೆದ ಪ್ರಮಾಣ ಅದು. ಎಂ 20 ತನಕ ಮಾತ್ರ ಅದಕ್ಕೆ ಅನುಮತಿ.

ಡಿಸೈನ್ ಮಿಕ್ಸಿನಲ್ಲಿ ಆ ಧಾರಾಳ ಇಲ್ಲ. ನಿಮ್ಮ ಕ್ರಷರಿನ ಜಲ್ಲಿ, ನಿಮ್ಮ ಎಂ ಸ್ಯಾಂಡ್, ನೀವು ಕೊಳ್ಳುವ ಸಿಮೆಂಟು ಪ್ರಯೋಗಾಲಯಕ್ಕೆ ಹೋಗಬೇಕು. ಅಲ್ಲಿ ಐಎಸ್ 10262ರ ಪ್ರಕಾರ ಲೆಕ್ಕ ಹಾಕಿ, ಕಲಸಿ, ಕ್ಯೂಬ್ ಒಡೆದು ಪ್ರಮಾಣ ನಿಗದಿ ಮಾಡುತ್ತಾರೆ. ಎಂ 20 ಬೇಕೆಂದರೆ 20ಕ್ಕೆ ಗುರಿ ಇಡುವುದಿಲ್ಲ. ಸೈಟಿನ ಏರುಪೇರಿಗೆ ಜಾಗ ಬಿಟ್ಟು 26.6ಕ್ಕೆ ಗುರಿ ಇಡುತ್ತಾರೆ. ಆ ಏರುಪೇರಿನ ಅಂದಾಜು ಸಾಮಾನುಗಳನ್ನೆಲ್ಲ ತೂಗಿ ಹಾಕುವ, ನೀರನ್ನು ಹತೋಟಿಯಲ್ಲಿಡುವ ಸೈಟಿಗೆ ಮಾತ್ರ ಹೊಂದುತ್ತದೆ. ಹಾಗಿಲ್ಲದ ಕಡೆ ಗುರಿಯನ್ನು ಇನ್ನೂ ಏರಿಸಬೇಕು ಎಂದು ಅದೇ ನಿಯಮ ಹೇಳುತ್ತದೆ. ಅಂದರೆ ಡಿಸೈನ್ ಮಿಕ್ಸಿನಲ್ಲಿ ಸಿಮೆಂಟು ಉಳಿಯುವುದು ತಕ್ಕಡಿಯ ದಯೆಯಿಂದ. ತಕ್ಕಡಿ ಇಲ್ಲದೆ ಆ ಉಳಿತಾಯವನ್ನು ಮಾತ್ರ ತೆಗೆದುಕೊಳ್ಳುವ ಹಾಗಿಲ್ಲ.

ನಮ್ಮ ಕಟ್ಟಡದಲ್ಲಿ ಆದದ್ದು ಅದೇ. ಕರ್ನಾಟಕದ ದರಪಟ್ಟಿಯಲ್ಲಿ, ಅದನ್ನು ನೋಡಿ ಬರೆದ ಎಷ್ಟೋ ಟೆಂಡರುಗಳಲ್ಲಿ, ವರ್ಷಗಳಿಂದ ಬರುತ್ತಿರುವ ಒಂದು ಸಾಲು ನಿಮಗೆ ಬಾಯಿಪಾಠ ಇರುತ್ತದೆ. ಎಂ 20 ಡಿಸೈನ್ ಮಿಕ್ಸಿನ ಒಂದು ಘನ ಮೀಟರಿಗೆ ಸಿಮೆಂಟು 320 ಕೆ.ಜಿ., 20 ಎಂಎಂ ಮತ್ತು ಅದಕ್ಕಿಂತ ಸಣ್ಣ ಜಲ್ಲಿ 0.69 ಘನ ಮೀಟರ್, ಮರಳು 0.46 ಘನ ಮೀಟರ್, ಸೂಪರ್ ಪ್ಲಾಸ್ಟಿಸೈಸರ್ 3 ಲೀಟರ್. ಇದು ದರ ಕಟ್ಟಲು ಬರೆದ ಪ್ರಮಾಣ. ಯಾವ ಕ್ರಷರಿನ ಜಲ್ಲಿಗೂ ಇದು ಪರೀಕ್ಷೆಯಾದ ಮಿಶ್ರಣ ಅಲ್ಲ. ಆದರೆ ಗುತ್ತಿಗೆದಾರರು ಅದನ್ನೇ ಮಿಶ್ರಣ ಎಂದು ಮೇಸ್ತ್ರಿಗೆ ಹೇಳಿಬಿಡುತ್ತಾರೆ.

ಅದನ್ನು ಮೂಟೆ ಲೆಕ್ಕಕ್ಕೆ ಇಳಿಸೋಣ. 320 ಕೆ.ಜಿ. ಎಂದರೆ 6.4 ಮೂಟೆ. ಒಂದು ಮೂಟೆಗೆ ಜಲ್ಲಿ ಸುಮಾರು 108 ಲೀಟರ್, ಮರಳು 72 ಲೀಟರ್. ಒಂದು ಮೂಟೆ ಸಿಮೆಂಟಿನ ಗಾತ್ರ ಸುಮಾರು 35 ಲೀಟರ್. ಅದೇ ಗಾತ್ರದ ಪೆಟ್ಟಿಗೆಯಲ್ಲಿ ಅಳೆದರೆ ಜಲ್ಲಿ ಮೂರು ಪೆಟ್ಟಿಗೆ, ಮರಳು ಎರಡು ಪೆಟ್ಟಿಗೆ. ಗಾರೆ ಕೆಲಸದವರ ಮಾತಿನಲ್ಲಿ ಒಂದು–ಎರಡು–ಮೂರು. ಎಂ 20ಕ್ಕೆ ಅವರು ಎಂದಿನಿಂದಲೂ ಹೇಳುವುದು ಒಂದು–ಒಂದೂವರೆ–ಮೂರು. ವ್ಯತ್ಯಾಸ ಅರ್ಧ ಪೆಟ್ಟಿಗೆ ಮರಳು, ಅಷ್ಟೇ.

ಆ ಅರ್ಧ ಪೆಟ್ಟಿಗೆ ಏನು ಮಾಡುತ್ತದೆ ನೋಡಿ. ಒಂದು ಪೆಟ್ಟಿಗೆ ಜಲ್ಲಿ 53 ಕೆ.ಜಿ., ಒಣ ಎಂ ಸ್ಯಾಂಡ್ 57 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳಿ. ಒಂದು–ಒಂದೂವರೆ–ಮೂರರಲ್ಲಿ ಎರಡೂ ಸೇರಿ ಸುಮಾರು 245 ಕೆ.ಜಿ., ನಿಯಮದ 250ರ ಒಳಗೆ. ದರಪಟ್ಟಿಯ 108 ಲೀಟರ್ ಜಲ್ಲಿ, 72 ಲೀಟರ್ ಮರಳಿನಲ್ಲಿ ಅದು ಸುಮಾರು 280 ಕೆ.ಜಿ. ಆಗುತ್ತದೆ. ಹಾಗಾದರೆ ಅದು ನಾಮಿನಲ್ ಎಂ 20 ಅಲ್ಲ. ಪ್ರಯೋಗಾಲಯದ ವರದಿ ಇಲ್ಲ, ಆದ್ದರಿಂದ ಡಿಸೈನ್ ಎಂ 20 ಕೂಡ ಅಲ್ಲ. ಯಾವ ಮನೆಗೂ ಸೇರದ ಕಾಂಕ್ರೀಟು ಅದು.

ಇನ್ನು ಆ 3 ಲೀಟರ್ ಪ್ಲಾಸ್ಟಿಸೈಸರ್. ಮೂಟೆಗೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ. ಸಿಮೆಂಟು ಕಡಿಮೆ ಹಾಕಿ, ನೀರು ಹೆಚ್ಚಿಸದೆ, ಕಾಂಕ್ರೀಟು ಕಂಬಿಯ ಸಂದಿಗೆ ಇಳಿಯುವ ಹಾಗೆ ಮಾಡುವುದೇ ಅದರ ಕೆಲಸ. ನಮ್ಮ ಸೈಟಿನಲ್ಲಿ ಅದರ ಡಬ್ಬಿಯೇ ಕಾಣಲಿಲ್ಲ. ಮರಳು ಹೆಚ್ಚಿದ್ದು ಪ್ಲಾಸ್ಟಿಸೈಸರ್ ಇಲ್ಲದಿದ್ದರೆ ಕಾಂಕ್ರೀಟು ಬಿಗಿಯಾಗುತ್ತದೆ, ಸಲಿಕೆಗೆ ಬಗ್ಗುವುದಿಲ್ಲ. ಆಗ ಕೂಲಿಯವನ ಕೈ ಹೋಗುವುದು ಪೈಪಿಗೆ. ಕಂಬಿ ಇರುವ ಕಾಂಕ್ರೀಟಿಗೆ, ಮಳೆ ಬಿಸಿಲಿನಿಂದ ರಕ್ಷಣೆ ಇರುವ ಕಡೆಯಲ್ಲೂ, ಸಿಮೆಂಟಿನ ತೂಕದ 0.55 ಪಾಲು ನೀರು ಮೀರಬಾರದು. ಮೂಟೆಗೆ ಇಪ್ಪತ್ತೇಳೂವರೆ ಲೀಟರ್. (ನಾಮಿನಲ್ ಕೋಷ್ಟಕ ಎಂ 20ಕ್ಕೆ 30 ಲೀಟರ್ ಎನ್ನುತ್ತದೆ. ಒಂದೇ ಪುಸ್ತಕದಲ್ಲಿ ಎರಡು ಮಾತು. ಕಂಬಿ ಇದ್ದಲ್ಲಿ ಕಡಿಮೆಯದನ್ನೇ ಹಿಡಿಯಬೇಕು.) ಅದರ ಮೇಲೆ ಅರ್ಧ ಬಕೆಟ್ ನೀರು, ಏಳೆಂಟು ಲೀಟರ್, ಬಿದ್ದರೆ ಪ್ರಮಾಣ 0.70 ಮುಟ್ಟುತ್ತದೆ. ಬಲ ಕಾಲು ಭಾಗವಾದರೂ ಇಳಿಯುತ್ತದೆ. ಆ ದಿನ ಸೆಂಟ್ರಿಂಗ್ ಹಲಗೆಗಳ ಸಂದಿಯಿಂದ ಹಾಲಿನಂತಹ ನೀರು ತೊಟ್ಟಿಕ್ಕುತ್ತಿತ್ತು. ಹೋಗುತ್ತಿದ್ದುದು ಬರೀ ನೀರಲ್ಲ, ಸಿಮೆಂಟು.

ಈಗ ಲಾಭ ನಷ್ಟದ ಲೆಕ್ಕ. ಆ ತಾರಸಿ ಹೊರ ಅಳತೆಯಲ್ಲಿ ಸುಮಾರು ಆರೂವರೆ ಮೀಟರಿಗೆ ಐದೂವರೆ ಮೀಟರ್, ದಪ್ಪ ಐದು ಇಂಚು. ಕಾಂಕ್ರೀಟು ನಾಲ್ಕೂವರೆ ಘನ ಮೀಟರ್. ನಾಮಿನಲ್ ಎಂ 20ರಲ್ಲಿ ಒಂದು ಮೂಟೆಗೆ ಸುಮಾರು 0.14 ಘನ ಮೀಟರ್ ಕಾಂಕ್ರೀಟು ಬರುತ್ತದೆ, ಆದ್ದರಿಂದ 32 ಮೂಟೆ. ದರಪಟ್ಟಿಯ 320 ಕೆ.ಜಿ. ಲೆಕ್ಕದಲ್ಲಿ 29 ಮೂಟೆ. ಡಿಸೈನ್ ಮಿಕ್ಸ್ ಎಂಬ ಹೆಸರಿನಿಂದ ಈ ತಾರಸಿಯಲ್ಲಿ ಉಳಿಯುವುದು ಮೂರು ಮೂಟೆ ಸಿಮೆಂಟು! ಆ ದುಡ್ಡಿನಲ್ಲಿ ಪ್ರಯೋಗಾಲಯದ ಮಿಶ್ರಣ ವಿನ್ಯಾಸವೂ ಆಗುವುದಿಲ್ಲ, ತೂಗುವ ಯಂತ್ರವನ್ನು ಕನಕಪುರದಿಂದ ತರುವ ಬಾಡಿಗೆಯೂ ಆಗುವುದಿಲ್ಲ. ನೂರಾರು ಘನ ಮೀಟರ್ ಸುರಿಯುವ ಕೆಲಸಕ್ಕೆ ಡಿಸೈನ್ ಮಿಕ್ಸ್ ಬಿಟ್ಟು ಬೇರೆ ಮಾತೇ ಇಲ್ಲ. ನಾಲ್ಕೂವರೆಗೆ ಅದು ಬರೀ ಶೋಕಿ.

ತಪಾಸಣೆಗೂ ಇದೇ ತೊಡಕು. ಡಿಸೈನ್ ಮಿಕ್ಸಿನ ಕಾಂಕ್ರೀಟನ್ನು ಒಪ್ಪಿಕೊಳ್ಳುವ ಮುಖ್ಯ ಅಳತೆಗೋಲು ನಾಲ್ಕು ಮಾದರಿಗಳ ಸರಾಸರಿ. ಐದು ಘನ ಮೀಟರ್ ತನಕದ ಕೆಲಸಕ್ಕೆ ನಿಯಮ ಕೇಳುವುದೇ ಒಂದು ಮಾದರಿ, ಅಂದರೆ ಮೂರು ಕ್ಯೂಬ್. ನಾಲ್ಕು ಮಾದರಿ ಸಿಗದ ಇಂತಹ ಕೆಲಸದಲ್ಲಿ ಇಡೀ ತೀರ್ಮಾನ ಆ ಒಂದೇ ಮಾದರಿಯ ಮೇಲೆ ನಿಲ್ಲುತ್ತದೆ. ನಮ್ಮಲ್ಲಿ ಆ ಒಂದನ್ನೂ ತೆಗೆದದ್ದು ನಾನು ನೋಡಲಿಲ್ಲ.

ಹಾಗಾದರೆ ಸಣ್ಣ ಕಟ್ಟಡಕ್ಕೆ ಅಳತೆಯಲ್ಲಿ ಹಾಕುವುದು ತಪ್ಪೇ? ತಪ್ಪಲ್ಲ. ತೂಗುವುದು ಸಾಧ್ಯವಿಲ್ಲದ ಕಡೆ ಮರಳು ಮತ್ತು ಜಲ್ಲಿಯನ್ನು ಅಳತೆಯಲ್ಲಿ ಹಾಕಬಹುದು ಎಂದು ಐಎಸ್ 456 ಒಪ್ಪುತ್ತದೆ. ಸಿಮೆಂಟನ್ನು ಮಾತ್ರ ಅಳತೆಯಲ್ಲಿ ಹಾಕುವ ಹಾಗಿಲ್ಲ. ಅದು ಯಾವಾಗಲೂ ತೂಕ, ಅಂದರೆ ನಮ್ಮ ಮಟ್ಟಿಗೆ ಇಡೀ ಮೂಟೆ. ಅರ್ಧ ಮೂಟೆ ಸುರಿದು ಉಳಿದರ್ಧ ಆಮೇಲೆ ಎನ್ನುವುದು ನಡೆಯುವುದಿಲ್ಲ. ಒಂದು ಮೂಟೆ ಹಿಡಿಯುವ ಮಿಲ್ಲರ್ ಎಲ್ಲ ಕಡೆ ಸಿಗುವುದರಿಂದ ಇದು ಕಷ್ಟವೂ ಅಲ್ಲ.

ಅನುಮತಿಯ ಹಿಂದೆ ಒಂದು ಷರತ್ತಿದೆ: ಆ ಸೈಟಿನಲ್ಲಿ ಬಳಸುವ ಅದೇ ಜಲ್ಲಿ, ಅದೇ ಮರಳಿನ ಅಳತೆಗೂ ತೂಕಕ್ಕೂ ಇರುವ ಸಂಬಂಧವನ್ನು ಮೊದಲೇ ತೂಗಿ ತಿಳಿದಿರಬೇಕು. ನಮ್ಮ ತಾಲ್ಲೂಕಿನ ರೈತ ರೇಷ್ಮೆಗೂಡನ್ನು ಮಂಕರಿ ಲೆಕ್ಕದಲ್ಲಿ ಮಾರಿ ಬರುತ್ತಾನೆಯೇ? ಆ ಗೂಡು ತೂಗುವ ತಕ್ಕಡಿಯೇ ಈ ಕೆಲಸಕ್ಕೂ ಸಾಕು. ಒಳ ಅಳತೆ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಇರುವ, ಎರಡು ಕಡೆ ಹಿಡಿಯಿರುವ ಪೆಟ್ಟಿಗೆ ಮಾಡಿಸಿ. ಸರಿಯಾಗಿ 35 ಲೀಟರ್. ಬಂದ ಲಾರಿಯ ಜಲ್ಲಿಯನ್ನು ತುಂಬಿ, ಮೇಲೆ ಪಟ್ಟಿ ಎಳೆದು ಸಮ ಮಾಡಿ ತೂಗಿ. ಮರಳಿಗೂ ಹಾಗೆಯೇ. ಬೇರೆ ಕ್ರಷರಿನ ಲಾರಿ ಬಂದರೆ ಮತ್ತೆ ತೂಗಿ. ಬಾಂಡ್ಲಿ ಏಕೆ ಆಗದು ಎಂದರೆ ಗೋಪುರ ಕಟ್ಟಿದ ಬಾಂಡ್ಲಿಗೂ ಸಮ ಬಾಂಡ್ಲಿಗೂ ಬಹಳ ವ್ಯತ್ಯಾಸ, ಬೆಳಗಿನ ಬಾಂಡ್ಲಿಗೂ ಸಂಜೆಯ ಬಾಂಡ್ಲಿಗೂ ಇನ್ನೂ ಹೆಚ್ಚು. ಪೆಟ್ಟಿಗೆಯನ್ನು ಸಮ ಮಾಡಬಹುದು. ಬಾಂಡ್ಲಿಯನ್ನು ಯಾರೂ ಸಮ ಮಾಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಮರಳಿನ ತೇವ. ತೊಳೆದ ಎಂ ಸ್ಯಾಂಡ್ ಲಾರಿಯಿಂದ ನೀರು ಸುರಿಸಿಕೊಂಡೇ ಬರುತ್ತದೆ. ಹಸಿ ಮರಳಿನ ಕಣಗಳ ಸುತ್ತ ನೀರಿನ ತೆಳು ಪದರ ಕೂತು ಕಣಗಳನ್ನು ದೂರ ತಳ್ಳುತ್ತದೆ, ಮರಳು ಉಬ್ಬುತ್ತದೆ. ನಾಲ್ಕರಿಂದ ಆರು ಶೇಕಡಾ ತೇವದಲ್ಲಿ ಈ ಉಬ್ಬು ಅತಿ ಹೆಚ್ಚು. ಕಾಲು ಭಾಗ ಉಬ್ಬುವುದು ಸಾಮಾನ್ಯ, ನುಣ್ಣಗಿನ ಮರಳು ಇನ್ನೂ ಹೆಚ್ಚು ಉಬ್ಬುತ್ತದೆ. ಪೂರ್ತಿ ನೆನೆದರೆ ಉಬ್ಬು ಮತ್ತೆ ಇಳಿಯುತ್ತದೆ. ಅದಕ್ಕೇ ಮಳೆ ಬಂದ ಮಾರನೆಯ ದಿನ ರಾಶಿಯ ಬುಡದ ಮರಳಿಗೂ ಮೇಲಿನ ಮರಳಿಗೂ ಲೆಕ್ಕ ಒಂದೇ ಆಗಿರುವುದಿಲ್ಲ.

ಇದನ್ನು ಅಳೆಯಲು ಪ್ರಯೋಗಾಲಯ ಬೇಡ. ನೇರ ಗೋಡೆಯ ಒಂದು ಡಬ್ಬಿಗೆ ಹಸಿ ಮರಳನ್ನು ಅದುಮದೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ಸಮ ಮಾಡಿ ಎತ್ತರ ನೋಡಿ. 20 ಸೆಂ.ಮೀ. ಇತ್ತು ಎನ್ನೋಣ. ಮರಳನ್ನು ಬೇರೆ ಕಡೆ ಸುರಿದು ಡಬ್ಬಿಗೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ನಿಧಾನವಾಗಿ ಬಿಡುತ್ತಾ ಸರಳಿನಿಂದ ಕಲಕಿ ಕೂರಲು ಬಿಡಿ. ಈಗ 16 ಸೆಂ.ಮೀ. ಬಂದರೆ ನಾಲ್ಕು ಸೆಂ.ಮೀ. ಬರೀ ಉಬ್ಬು, 16ರ ಕಾಲು ಭಾಗ. ಆ ದಿನ ಒಂದೂವರೆ ಪೆಟ್ಟಿಗೆ ಒಣ ಮರಳಿನ ಬದಲು ಎರಡಕ್ಕೆ ತುಸು ಕಡಿಮೆ ಹಸಿ ಮರಳು ಹಾಕಬೇಕು. ಹಾಗೆ ಮಾಡದಿದ್ದರೆ ಮರಳು ಸಾಲದೆ ಜಲ್ಲಿ ಬಿಡಿಬಿಡಿಯಾಗುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಅಡಿಯಲ್ಲಿ ಜೇನುಗೂಡಿನಂತೆ ತೂತು ಕಾಣುತ್ತದೆ. ಇನ್ನೊಂದು ವಿಷಯ: ಒಂದೂವರೆ ಪೆಟ್ಟಿಗೆಯ ಸುಮಾರು 85 ಕೆ.ಜಿ. ಮರಳಿನಲ್ಲಿ ಐದು ಶೇಕಡಾ ತೇವ ಇದ್ದರೆ ಅದರಲ್ಲೇ ನಾಲ್ಕು ಲೀಟರಿಗೂ ಹೆಚ್ಚು ನೀರು ಬಂದಾಯಿತು. ಇಪ್ಪತ್ತೇಳೂವರೆಯಲ್ಲಿ ಅಷ್ಟು ಕಳೆದು ಇಪ್ಪತ್ಮೂರು ಚಿಲ್ಲರೆ ಲೀಟರನ್ನು ಮಾತ್ರ ಅಳತೆ ಬಕೆಟ್ಟಿನಲ್ಲಿ ಹಾಕಬೇಕು.

ತಮಾಷೆಯೆಂದರೆ ದರಪಟ್ಟಿಯ ಎರಡು ಪೆಟ್ಟಿಗೆ ಮರಳು ಇಷ್ಟು ಉಬ್ಬಿದ್ದರೆ ಅದರೊಳಗೆ ಇರುವುದು ಒಂದು ಪಾಯಿಂಟ್ ಆರು ಪೆಟ್ಟಿಗೆ ಒಣ ಮರಳು. ತಿಳಿಯದೆಯೇ ಮಿಶ್ರಣ ನಾಮಿನಲ್ ಎಂ 20ರ ಹತ್ತಿರಕ್ಕೆ ಬಂದುಬಿಡುತ್ತದೆ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಮರಳು ಒಣಗಿದಾಗ ಈ ಅದೃಷ್ಟ ಇರುವುದಿಲ್ಲ.

ಇಷ್ಟು ಮಾಡಿದರೂ ಅಳತೆಯ ಕಾಂಕ್ರೀಟಿಗೆ ಮಿತಿ ಇದೆ. ಎಂ 25 ಬೇಕಾದ ಕಡೆ ನಾಮಿನಲ್ ಮಿಕ್ಸ್ ನಡೆಯುವುದಿಲ್ಲ. ಇಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಲೇಬೇಕು. ಮಣ್ಣಿನಲ್ಲಿ ಹೂತ ಕಾಂಕ್ರೀಟನ್ನು ಅದೇ ಐಎಸ್ 456 'ಮಧ್ಯಮ' ವರ್ಗಕ್ಕೆ ಸೇರಿಸಿ, ಕಂಬಿ ಇದ್ದರೆ ಕನಿಷ್ಠ ಎಂ 25, ನೀರು 0.50 ಮೀರಬಾರದು ಎನ್ನುತ್ತದೆ. ನಿಮ್ಮ ಅಂದಾಜುಪಟ್ಟಿಯಲ್ಲಿ ಕಾಲಂ ಫೂಟಿಂಗಿಗೂ ಎಂ 20 ಎಂದೇ ಇದೆ. ಒಂದಂತಸ್ತಿನ, ಭಾರ ಹೊರುವ ಗೋಡೆಯ ಮನೆಗೆ ಬುಡದಲ್ಲಿ ಕಂಬಿಯ ಕಾಂಕ್ರೀಟೇ ಬೇಕಿಲ್ಲ. ನಮ್ಮ ಕಡೆ ಸೈಜುಗಲ್ಲಿನ ಪಾಯ ಸಾಕು, ಕಲ್ಲಿಗೇನೂ ಬರವಿಲ್ಲ. ಆಗ ಉಳಿಯುವುದು ಲಿಂಟಲ್, ಸಜ್ಜೆ ಮತ್ತು ಗಾರೆ ಮಾಡಿ ಮೇಲೆ ನೀರು ನಿಲ್ಲದಂತೆ ಹೊದಿಕೆ ಹಾಕಿದ ತಾರಸಿ. ಅಷ್ಟಕ್ಕೆ ನಾಮಿನಲ್ ಎಂ 20 ಪೆಟ್ಟಿಗೆ ಅಳತೆಯಲ್ಲಿ ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ. ಕಾಲಂ ನಿಲ್ಲಿಸಿ ಮುಂದೆ ಇನ್ನೊಂದು ಅಂತಸ್ತು ಎನ್ನುವವರು, ನೀರಿನ ಟ್ಯಾಂಕು ಕಟ್ಟುವವರು ತಕ್ಕಡಿಗೋ ರೆಡಿಮಿಕ್ಸ್ ಲಾರಿಗೋ ಹೋಗಲಿ. ಒಂದು–ಎರಡು–ನಾಲ್ಕನ್ನು ತಾರಸಿಗೆ ಹಾಕುವ ಹಳೆಯ ಪದ್ಧತಿ ಇನ್ನೂ ಕೆಲವು ಕಡೆ ಉಳಿದಿದೆ. ಅದು ಎಂ 15, ಕಂಬಿಯ ಕೆಲಸಕ್ಕೆ ಲಾಯಕ್ಕಲ್ಲ.

ನನ್ನ ಕೋರಿಕೆ ಇಷ್ಟು. ಆ ಕಟ್ಟಡದ ಕೊನೆಯ ಬಿಲ್ಲು ಇನ್ನೂ ಆಗಿಲ್ಲ ಎಂದು ಕೇಳಿದ್ದೇನೆ. ಡಿಸೈನ್ ಮಿಕ್ಸಿನ ದರ ಕೊಡುವ ಮೊದಲು ಅದರ ಪ್ರಯೋಗಾಲಯದ ವರದಿ, ಪ್ಲಾಸ್ಟಿಸೈಸರ್ ಕೊಂಡ ರಸೀದಿ, ಕ್ಯೂಬಿನ ಫಲಿತಾಂಶ ಕೇಳಿ. ಇಲ್ಲ ಎಂದರೆ ಮೊದಲು ರಿಬೌಂಡ್ ಸುತ್ತಿಗೆಯಲ್ಲಿ ತಾರಸಿಯ ಅಡಿಭಾಗ ನೋಡಿಸಿ, ದುರ್ಬಲ ಕಂಡ ಕಡೆ ಮೂರು ಕೋರ್ ತೆಗೆಸಿ. ಸರಾಸರಿ 20ರ ಶೇಕಡಾ 85, ಅಂದರೆ 17 ಬಂದು, ಯಾವ ಒಂದೂ 15ಕ್ಕಿಂತ ಕೆಳಗೆ ಇಳಿಯದಿದ್ದರೆ ನಿಯಮದಂತೆ ಅದು ಪಾಸು, ನಾನೂ ಸುಮ್ಮನಾಗುತ್ತೇನೆ. ಬರದಿದ್ದರೆ ಮಕ್ಕಳೋ ಮುದುಕರೋ ಅದರ ಕೆಳಗೆ ಕೂರುವ ಮೊದಲು ಏನು ಮಾಡುತ್ತೀರಿ ಎಂದು ಊರಿಗೆ ತಿಳಿಸಿ.

ಮುಂದಿನ ಅಂದಾಜುಪಟ್ಟಿಗಳಲ್ಲಿ, ಹತ್ತು ಘನ ಮೀಟರಿಗಿಂತ ಕಡಿಮೆ ಕಾಂಕ್ರೀಟಿನ ಒಂದಂತಸ್ತಿನ ಕೆಲಸಕ್ಕೆ ನಾಮಿನಲ್ ಎಂ 20 ಎಂದೇ ಬರೆಯಿರಿ. ಹತ್ತು ಎಂಬುದು ನಾನು ಹೇಳುವ ಗೆರೆ, ನಿಮಗೆ ಬೇರೆ ತೋರಿದರೆ ಅದನ್ನೇ ಇಡಿ. ಮೂರು ಮೂಟೆ ಹೆಚ್ಚಿನ ಸಿಮೆಂಟಿನ ಹಣವನ್ನು ಸೇರಿಸಿಯೇ ಬರೆಯಿರಿ. ಗುತ್ತಿಗೆದಾರ ಅದನ್ನು ಮರಳಿನಲ್ಲಿ ಹೊಂದಿಸುವ ಪ್ರಮೇಯ ಬರಬಾರದು. ಜೊತೆಗೆ ಎರಡು ಅಳತೆ ಪೆಟ್ಟಿಗೆ, ಒಂದು ಅಳತೆ ಬಕೆಟ್, ಮೂರು ಕ್ಯೂಬ್ ಅಚ್ಚು, ಒಂದು ಸ್ಲಂಪ್ ಕೋನ್ ಸೈಟಿನಲ್ಲಿ ಇರಬೇಕು ಎಂಬ ಸಾಲೂ ಇರಲಿ. ಆ ದಿನದ ಪೆಟ್ಟಿಗೆ ಲೆಕ್ಕವನ್ನು, ಉಬ್ಬು ಕಳೆದು ಕೂಡಿ, ಮಿಲ್ಲರ್ ಪಕ್ಕದ ಹಲಗೆಯ ಮೇಲೆ ಕನ್ನಡದಲ್ಲಿ ಸೀಮೆಸುಣ್ಣದಿಂದ ಬರೆಸಿ: ಸಿಮೆಂಟು ಒಂದು ಮೂಟೆ, ಜಲ್ಲಿ ಇಷ್ಟು, ಮರಳು ಇಷ್ಟು, ನೀರು ಇಷ್ಟು. ಮೇಸ್ತ್ರಿ ಟೀಗೆ ಹೋದರೂ ಹಲಗೆ ಅಲ್ಲೇ ಇರುತ್ತದೆ, ದಾರಿಯಲ್ಲಿ ಹೋಗುವವರೂ ಓದಬಹುದು.

ಊರ ಇನ್ನೊಂದು ಕಡೆ ಮತ್ತೊಂದು ತಾರಸಿಗೆ ಸೆಂಟ್ರಿಂಗ್ ನಿಂತಿದೆ, ಕಂಬಿ ಕಟ್ಟುತ್ತಿದ್ದಾರೆ. ಅದಕ್ಕೆ ಕಾಂಕ್ರೀಟು ಬೀಳುವ ಮುಂಚೆ ನಿಮ್ಮ ಉತ್ತರ ಬಂದರೆ ಪೆಟ್ಟಿಗೆ ಮಾಡಿಸುವ ಖರ್ಚು ನನ್ನದೇ ಇರಲಿ.

ಇಂತಿ,
ದೊಡ್ಡಆಲಹಳ್ಳಿಯ ಒಬ್ಬ ಗ್ರಾಮಸ್ಥ